ತಕಾಗಿ ಫಲನ: 0.5ರಲ್ಲಿ ಬಂದ ಸೊನ್ನೆ ಏನನ್ನು ಹೇಳುತ್ತದೆ?

«ತಕಾಗಿ ಫಲನದ ಮೊದಲ 20 ಪದ ಕೂಡಿಸಿ x = 0.5ರಲ್ಲಿ (T(x+h) − T(x−h))/2h ಲೆಕ್ಕ ಹಾಕಿದೆ. h ಎಷ್ಟೇ ಚಿಕ್ಕದು ಮಾಡಿದರೂ 0 ಬರುತ್ತಿದೆ. ಹಾಗಾದರೆ ಅಲ್ಲಿ ಮಲಗಿದ ಸ್ಪರ್ಶಕ ಇದೆ ಅಂತಲ್ಲವೇ? ಎಲ್ಲೂ ಇಲ್ಲ ಅಂತ ಯಾಕೆ ಹೇಳುತ್ತಾರೆ?»

ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಆ ಸೊನ್ನೆಗೂ ಸ್ಪರ್ಶಕಕ್ಕೂ ಸಂಬಂಧವಿಲ್ಲ. ಈ ಫಲನದ ನಕ್ಷೆ 0.5ರ ಎಡಬಲಗಳಲ್ಲಿ ಕನ್ನಡಿಯ ಬಿಂಬದಂತೆ ಒಂದೇ ಆಗಿರುವುದರಿಂದ T(0.5+h) ಮತ್ತು T(0.5−h) ಯಾವಾಗಲೂ ಸಮ, ಹಾಗಾಗಿ ವ್ಯತ್ಯಾಸ ಸೊನ್ನೆಯಾಗಲೇಬೇಕು. ಬಲಬದಿಯೊಂದನ್ನೇ ತೆಗೆದುಕೊಂಡು ನೋಡಿ. 1903ರಲ್ಲಿ ಜಪಾನಿನ ತಕಾಗಿ ತೇಯಿಜಿ ಕೊಟ್ಟ ರೂಪ ಇದು. ಇಲ್ಲಿ d(y) ಎಂದರೆ yಗೆ ಅತಿ ಹತ್ತಿರದ ಪೂರ್ಣಾಂಕಕ್ಕೆ ಇರುವ ದೂರ.

```
T(x) = d(x) + d(2x)/2 + d(4x)/4 + d(8x)/8 + ...
```

h = 2^-10 ಎಂದು ಇಟ್ಟರೆ (T(0.5+h) − T(0.5))/h ಎಂಬುದು 8 ಆಗುತ್ತದೆ, h = 2^-15 ಎಂದರೆ 13. ಸಾಮಾನ್ಯವಾಗಿ h = 2^-k ಆದಾಗ ಅದು k−2. ಎಡಬದಿಯಿಂದ ಅದೇ ಸಂಖ್ಯೆ ಋಣ ಚಿಹ್ನೆಯೊಡನೆ ಬರುತ್ತದೆ. ಒಂದು ಬದಿ ಮೇಲಕ್ಕೂ ಇನ್ನೊಂದು ಬದಿ ಕೆಳಕ್ಕೂ ಮೇರೆಯಿಲ್ಲದೆ ಓಡುತ್ತಿರುವಾಗ ಎರಡರ ಸರಾಸರಿಯನ್ನಷ್ಟೇ ನೀವು ನೋಡಿದ್ದೀರಿ.

ಇನ್ನೊಂದು ಬಲೆಯೂ ನಿಮ್ಮ ಪ್ರೋಗ್ರಾಮಿನಲ್ಲೇ ಇದೆ. 20 ಪದಗಳ ಮೊತ್ತ ಬರಿಯ ಸರಳರೇಖೆಯ ತುಂಡುಗಳ ಸರಣಿಯಾದ್ದರಿಂದ h 2^-20ಕ್ಕಿಂತ ಚಿಕ್ಕದಾದಾಗ ಬಲಬದಿಯ ಭಾಗಲಬ್ಧ 18ಕ್ಕೆ ಬಂದು ನಿಂತುಬಿಡುತ್ತದೆ. ಅದನ್ನು ಮಿತಿ ಎಂದು ನಂಬಬೇಡಿ. 30 ಪದ ಕೂಡಿಸಿದರೆ ಅದೇ 28ಕ್ಕೆ ಹೋಗಿ ನಿಲ್ಲುತ್ತದೆ.

ಮೇಲೆ ಒಬ್ಬರು «ಎಲ್ಲ ಬಿಂದುವಿನಲ್ಲೂ ಮೂಲೆ ಇರುವುದೇ ಕಾರಣ» ಎಂದು ಬರೆದಿದ್ದಾರೆ. ಅದು ಅರ್ಧ ನಿಜ. 1/2, 3/8ರಂತೆ ಛೇದ ಎರಡರ ಘಾತವಾಗಿರುವ ಬಿಂದುಗಳಲ್ಲಿ ನಕ್ಷೆಗೆ ಚೂಪಾದ ಕೊನೆಯಿದೆ, ಆದರೆ 1/3ರಲ್ಲಿ ಹಾಗಿಲ್ಲ. ಅಲ್ಲಿ ನಡೆಯುವುದೇ ಬೇರೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಸ್ವಾರಸ್ಯದ ಸಂಗತಿ. 1/3ನ್ನು ಒಳಗೊಂಡ ಅಂತರವನ್ನು ಪ್ರತಿ ಸಲ ಅರ್ಧ ಮಾಡುತ್ತ ಹೋಗೋಣ: 0ರಿಂದ 1/2, ಆಮೇಲೆ 1/4ರಿಂದ 1/2, ಆಮೇಲೆ 1/4ರಿಂದ 3/8, ಆಮೇಲೆ 5/16ರಿಂದ 3/8. T(0) = 0, T(1/4) = T(1/2) = 1/2, T(5/16) = T(3/8) = 5/8. ಆದ್ದರಿಂದ ತುದಿಯಿಂದ ತುದಿಗೆ ಎಳೆದ ಗೆರೆಗಳ ಇಳಿಜಾರು ಕ್ರಮವಾಗಿ 1, 0, 1, 0. ಇದು ಹೀಗೆಯೇ ಮುಂದುವರಿಯುತ್ತದೆ. ಇಲ್ಲಿ ಅನಂತಕ್ಕೆ ಓಡುವುದೇನೂ ಇಲ್ಲ, ಆದರೂ ನೆಲೆ ನಿಲ್ಲುವುದಿಲ್ಲ. ಒಂದು ಬಿಟ್ಟು ಒಂದನ್ನು ಮಾತ್ರ ಲೆಕ್ಕ ಹಾಕಿದವರಿಗೆ 0, 0, 0 ಎಂದು ಕಂಡು, ಅವರೂ ಮಲಗಿದ ಸ್ಪರ್ಶಕವಿದೆ ಎಂದೇ ಹೇಳುತ್ತಾರೆ.

ಯಾವ x ಆರಿಸಿದರೂ ಇದೇ ಉಪಾಯ ನಡೆಯುತ್ತದೆ. 2^-k ಉದ್ದದ ಅಂತರವನ್ನು ಅರ್ಧ ಮಾಡಿದಾಗ ಮೊದಲ k ಪದಗಳು ಆ ಅಂತರದೊಳಗೆ ನೇರ ಗೆರೆಗಳಾಗಿರುವುದರಿಂದ ಅವುಗಳ ಇಳಿಜಾರು ಬದಲಾಗದು. ಮುಂದಿನ ಪದ ಅಲ್ಲಿ ಗುಡಾರದಂತೆ ಏರಿ ಇಳಿಯುವುದರಿಂದ ಅದು ಎಡ ಅರ್ಧದಲ್ಲಿ +1, ಬಲ ಅರ್ಧದಲ್ಲಿ −1 ಸೇರಿಸುತ್ತದೆ. ಅದರ ಮೇಲಿನ ಪದಗಳೆಲ್ಲ ತುದಿಗಳಲ್ಲಿ ಸೊನ್ನೆ. ಅಂದರೆ ಪ್ರತಿ ಹೆಜ್ಜೆಯಲ್ಲೂ ಇಳಿಜಾರು ಸರಿಯಾಗಿ ಒಂದರಷ್ಟು ಏರುತ್ತದೆ ಅಥವಾ ಇಳಿಯುತ್ತದೆ, ಮತ್ತು ಹೀಗೆ ಒಂದೊಂದೇ ಜಿಗಿಯುವ ಪೂರ್ಣಾಂಕಗಳ ಸರಣಿ ಯಾವ ಸಂಖ್ಯೆಗೂ ಹತ್ತಿರವಾಗಿ ನಿಲ್ಲಲಾರದು. xನಲ್ಲಿ ನಿಷ್ಪನ್ನ ಇದ್ದಿದ್ದರೆ xನ್ನು ಒಳಗೊಂಡು ಕುಗ್ಗುವ ಅಂತರಗಳ ಇಳಿಜಾರುಗಳೆಲ್ಲ ಅದಕ್ಕೇ ಬಂದು ಸೇರಬೇಕಾಗಿತ್ತು, ಏಕೆಂದರೆ ಅಂಥ ಪ್ರತಿ ಇಳಿಜಾರೂ xನ ಎಡ ಮತ್ತು ಬಲ ಭಾಗಲಬ್ಧಗಳ ನಡುವಣ ಒಂದು ತೂಕದ ಸರಾಸರಿ. ನಿಮ್ಮ 0.5ರ ಪ್ರಕರಣಕ್ಕೂ ಉತ್ತರ ಇಲ್ಲೇ ಇದೆ: xನ ಎರಡೂ ಬದಿಗೆ ಚಾಚಿದ ಭಾಗಲಬ್ಧಗಳು ನೆಲೆ ನಿಲ್ಲದಿದ್ದರೆ ನಿಷ್ಪನ್ನವಿಲ್ಲ ಎಂದು ಹೇಳಬಹುದು, ಆದರೆ ಅವುಗಳಲ್ಲಿ ಕೆಲವು ನೆಲೆ ನಿಂತ ಮಾತ್ರಕ್ಕೆ ನಿಷ್ಪನ್ನವಿದೆ ಎನ್ನಲಾಗದು.

ಫಲನ ಅವಿಚ್ಛಿನ್ನವೇ ಎಂಬ ಸಂಶಯ ಬೇಡ. N ಪದಗಳ ನಂತರ ಉಳಿದದ್ದೆಲ್ಲ ಸೇರಿದರೂ 2^-Nನ್ನು ಮೀರದು.

ಷೇರಿನ ದರದ ನಕ್ಷೆಯನ್ನು ಹಾಕಿ «ಇದೂ ಇಂಥದ್ದೇ» ಎಂದವರಿಗೆ ಒಂದು ಮಾತು. ಅಲ್ಲಿರುವುದು ಬಿಡಿ ಬಿಡಿ ಬಿಂದುಗಳು, ನಡುವೆ ಗೆರೆ ಎಳೆದದ್ದು ನಿಮ್ಮ ಆ್ಯಪ್. h ಸೊನ್ನೆಯತ್ತ ಹೋಗಲು ಅಲ್ಲಿ ಜಾಗವೇ ಇಲ್ಲ.

«ಎಲ್ಲೂ ಸ್ಪರ್ಶಕವಿಲ್ಲ» ಎಂಬ ಮಾತನ್ನು ಮಾತ್ರ ನಾನು ಹಾಗೆಯೇ ಒಪ್ಪುವುದಿಲ್ಲ. ಮೇಲೆ ತೋರಿಸಿದ್ದು ಸೀಮಿತವಾದ ನಿಷ್ಪನ್ನ ಇಲ್ಲ ಎಂಬುದನ್ನು ಮಾತ್ರ. ತಕಾಗಿ ಫಲನದ ಕೆಲವು ಬಿಂದುಗಳಲ್ಲಿ ಭಾಗಲಬ್ಧ ಎರಡೂ ಬದಿಯಿಂದ +∞ಗೆ ಹೋಗುತ್ತದೆ, ಅಲ್ಲಿ ನೆಟ್ಟಗೆ ನಿಂತ ಗೆರೆಯನ್ನು ಸ್ಪರ್ಶಕ ಎನ್ನಲು ಅಡ್ಡಿಯಿಲ್ಲ. 1872ರಲ್ಲಿ ವೈಯರ್‌ಸ್ಟ್ರಾಸ್ ಬರ್ಲಿನ್ನಿನಲ್ಲಿ ಮಂಡಿಸಿದ ಕೊಸೈನ್ ಸರಣಿಯಲ್ಲಿ ಆ ಅವಕಾಶವೂ ಇಲ್ಲ, ಏಕೆಂದರೆ ಪ್ರತಿ ಬಿಂದುವಿನಲ್ಲೂ ಎಡಬಲದ ಕೆಲವು ಭಾಗಲಬ್ಧಗಳು ವಿರುದ್ಧ ಚಿಹ್ನೆಯಲ್ಲಿ ಮೇರೆಯಿಲ್ಲದೆ ಬೆಳೆಯುತ್ತವೆ. ಇನ್ನು ನಿಮ್ಮ 0.5ರ ಚೂಪಿನಲ್ಲಿ ನಿಂತ ಗೆರೆಗೆ ಸ್ಪರ್ಶಕ ಎನ್ನಬೇಕೇ ಬೇಡವೇ ಎಂಬ ಬಗ್ಗೆ ಈ ಗುಂಪಿನಲ್ಲೇ ಎರಡು ಪಕ್ಷಗಳಿವೆ. ನಾನು ಬೇಡ ಎನ್ನುವ ಕಡೆಯವನು.