ನಲೋಕ್ಸೋನ್ ಸ್ಪ್ರೇ ಒತ್ತಿ ಪರೀಕ್ಷಿಸಬೇಡಿ

"ಸ್ಪ್ರೇ ಕೆಲಸ ಮಾಡುತ್ತಾ ಅಂತ ಗಾಳಿಯಲ್ಲಿ ಒಮ್ಮೆ ಒತ್ತಿ ನೋಡಿದೆ. ಆಮೇಲೆ ಗೆಳೆಯನ ಮೂಗಿಗೆ ಹಾಕಿದರೆ ಏನೂ ಬರಲಿಲ್ಲ. ಆಂಬ್ಯುಲೆನ್ಸ್‌ನವರು ಉಳಿಸಿದರು. ಸರಿಯಾದ ಕ್ರಮ ಯಾವುದು?"

ಹೆರಾಯಿನ್, ಮಾರ್ಫಿನ್‌ನಂಥ ಒಪಿಯಾಯ್ಡ್ ಮಿತಿಮೀರಿ ಉಸಿರು ಕುಂದಿದಾಗ ಅದರ ಪ್ರಭಾವ ತಡೆಯುವ ಔಷಧಿ ನಲೋಕ್ಸೋನ್. ಒತ್ತಿ ನೋಡಿದಾಗಲೇ ಔಷಧಿ ಖಾಲಿಯಾಗಿರಬೇಕು. ಈ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಡೋಸ್.

ಜೋರಾಗಿ ಕರೆದು, ಎದೆಮೂಳೆಯನ್ನು ಬೆರಳ ಗೆಣ್ಣಿನಿಂದ ಉಜ್ಜಿದರೂ ಏಳದಿದ್ದರೆ ಮೊದಲು ತುರ್ತು ಸೇವೆಗೆ ಫೋನ್ ಮಾಡಿ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ. ನಿಮ್ಮ ಬೆರಳು ಮೂಗಿಗೆ ತಾಗುವಷ್ಟು ನಳಿಕೆ ಒಳಗೆ ಹೋಗಲಿ, ಆಮೇಲೆ ಪೂರ್ತಿ ಒತ್ತಿ. ಕಾರಣ ಒಪಿಯಾಯ್ಡ್ ಹೌದೋ ಅಲ್ಲವೋ ಅನ್ನೋದು ಅಲ್ಲಿ ಖಚಿತವಾಗಿ ಗೊತ್ತಾಗಲ್ಲ. ಅನುಮಾನವಿದ್ದರೂ ಹಾಕಿ, ಬೇರೆ ಕಾರಣವಿದ್ದರೆ ನಲೋಕ್ಸೋನ್‌ನಿಂದ ತೊಂದರೆಯಾಗುವುದು ಕಡಿಮೆ.

ಉಸಿರಾಟ ಸರಿಯಿಲ್ಲದಿದ್ದರೆ ಫೋನಿನಲ್ಲಿರುವವರು ಹೇಳಿದಂತೆ ಬಾಯಿಂದ ಉಸಿರು ಕೊಡಿ ಅಥವಾ ಸಿಪಿಆರ್ ಮಾಡಿ. 2-3 ನಿಮಿಷದಲ್ಲಿ ಬದಲಾವಣೆ ಕಾಣದಿದ್ದರೆ ಹೊಸ ಸ್ಪ್ರೇಯನ್ನು ಇನ್ನೊಂದು ಹೊಳ್ಳೆಗೆ ಹಾಕಿ.

ತಾನಾಗಿ ಉಸಿರಾಡತೊಡಗಿದರೆ ಪಕ್ಕಕ್ಕೆ ಹೊರಳಿಸಿ. ಮೇಲಿನ ಮೊಣಕಾಲು ಮಡಚಿ ಮುಂದಿಡಿ, ಕೈಯನ್ನು ಕೆನ್ನೆಯ ಕೆಳಗಿಡಿ. ವಾಂತಿಯಾದರೆ ಅದು ಹೊರಗೆ ಬರುತ್ತದೆ, ಶ್ವಾಸನಾಳಕ್ಕೆ ಇಳಿಯುವುದಿಲ್ಲ.

ಎದ್ದು "ನಾನು ಚೆನ್ನಾಗಿದೀನಿ, ಹೋಗು" ಅಂತ ರೇಗಬಹುದು. ಹೋಗಬೇಡಿ. ನಲೋಕ್ಸೋನ್ ಪ್ರಭಾವ 30ರಿಂದ 90 ನಿಮಿಷದಲ್ಲಿ ಇಳಿಯುತ್ತದೆ. ಒಪಿಯಾಯ್ಡ್ ಅದಕ್ಕಿಂತ ಜಾಸ್ತಿ ಹೊತ್ತು ಮೈಯಲ್ಲಿ ಉಳಿದು ಉಸಿರು ಮತ್ತೆ ನಿಲ್ಲಬಹುದು. ನೆರವು ಬರುವವರೆಗೆ ಎದೆ ಏರಿಳಿಯುವುದನ್ನು ನೋಡುತ್ತಿರಿ, ಬಂದವರಿಗೆ ಸ್ಪ್ರೇ ಹಾಕಿದ ಸಮಯ ಹೇಳಿ.