ಕೂದಲಿನ ಬಣ್ಣ: ಬೆಳಕು, ನಡುಛಾಯೆ, ನೆರಳಿಗೆ ಬೇರೆ ಬೇರೆ ಮಾಸ್ಕ್

ಫೋಟೋಶಾಪ್‌ನಲ್ಲಿ ಕಪ್ಪು ಕೂದಲಿಗೆ ತಾಮ್ರದ ಬಣ್ಣ ಕೊಟ್ಟರೆ ವಿಗ್ ಹಾಕಿದಂತೆ ಕಾಣುತ್ತದೆ, ಏಕೆ?

ಹೊಳಪು, ನೆರಳು ಎರಡಕ್ಕೂ ಒಂದೇ ಬಣ್ಣ ಬಿದ್ದಿರುವುದರಿಂದ. `Ctrl+Alt+2` ಒತ್ತಿದರೆ ಬೆಳಕಿನ ಭಾಗ ಆಯ್ಕೆಯಾಗುತ್ತದೆ. `Ctrl+Shift+I` ಒತ್ತಿ ಅದನ್ನು ತಿರುಗಿಸಿದರೆ ನೆರಳು ಸಿಗುತ್ತದೆ. ಎರಡನ್ನೂ ಚಾನೆಲ್‌ಗಳಾಗಿ ಉಳಿಸಿ, Intersect with Selection ಮೂಲಕ ಕೂಡಿಸಿದರೆ ಉಳಿಯುವುದೇ ನಡುಛಾಯೆ. ಆಗ ಯಾವ ಪಿಕ್ಸೆಲ್ಲೂ 50%ಗಿಂತ ಹೆಚ್ಚು ಆಯ್ಕೆಯಾಗಿಲ್ಲ ಎಂಬ ಎಚ್ಚರಿಕೆ ಬಂದು ಆಯ್ಕೆಯ ಗೆರೆ ಕಾಣದಿದ್ದರೂ ಆಯ್ಕೆ ಇದ್ದೇ ಇರುತ್ತದೆ.

ಮೂರು ಆಯ್ಕೆಗಳನ್ನೂ Curves ಪದರಗಳ ಮಾಸ್ಕ್ ಮಾಡಿ, ಕೂದಲಿನ ಮಾಸ್ಕ್ ಇರುವ ಒಂದೇ ಗುಂಪಿನಲ್ಲಿಡಿ. ಆಗುಂಬೆಯ ಮಳೆಗಾಲದ ಮೋಡದ ಬೆಳಕಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ನಾನು ನಡುಛಾಯೆಯನ್ನು ಮೊದಲು ತುಸು ಬೆಳಗಿಸಿ, ಆಮೇಲೆ ಕೆಂಪನ್ನು ಏರಿಸಿ ನೀಲಿಯನ್ನು ಇಳಿಸಿದೆ, ಏಕೆಂದರೆ ಕಡುಗಪ್ಪಿನ ಮೇಲೆ ಬಣ್ಣ ಕಾಣುವುದೇ ಇಲ್ಲ. ನೆತ್ತಿಯ ಹೊಳಪು ಆಕಾಶದ ಪ್ರತಿಫಲನವಾದ್ದರಿಂದ ಅದರ ತಣ್ಣನೆಯ ಬಿಳುಪನ್ನು ಬಹುತೇಕ ಹಾಗೆಯೇ ಬಿಟ್ಟೆ. ಜಡೆಯ ಸಂದುಗಳಿಗೆ ಕಂದಿನ ಛಾಯೆಯಷ್ಟೇ ಸಾಕಾಯಿತು. ನೆರಳು ಬೂದಿಯಂತೆ ಕಂಡರೆ ಅಲ್ಲಿ ಬೆಳಕು ಹೆಚ್ಚಾಗಿದೆ ಎಂದೇ ಅರ್ಥ.