ಪಿನ್ ಕೂತರೆ ಚಾರ್ಜರ್ ಸರಿ ಅಂತಲ್ಲ

ಅಜ್ಜಿಯ ನೋಕಿಯಾ 1280 ಚಾರ್ಜರ್ ಹಾಳಾಯಿತು. ಮನೆಯಲ್ಲಿದ್ದ ಟಾರ್ಚ್ ಚಾರ್ಜರಿನ ಸಣ್ಣ ಪಿನ್ ಸರಿಯಾಗಿ ಕೂತಿತು. ಎರಡು ದಿನ ಫೋನ್ ಬಿಸಿಯಾಯಿತು, ಈಗ ಚಾರ್ಜೇ ಆಗುತ್ತಿಲ್ಲ. ಬ್ಯಾಟರಿ ಬದಲಿಸಬೇಕಾ? — ಗುಬ್ಬಿಯ ಓದುಗರು

ತಿಂಗಳಿಗೆ ನಾಲ್ಕು ಸಲವಾದರೂ ಇದೇ ಕಥೆ ಕೇಳುತ್ತೇನೆ. ಬ್ಯಾಟರಿ ಆಮೇಲೆ, ಮೊದಲು ಆ ಚಾರ್ಜರನ್ನು ತೆಗೆದಿಡಿ.

ಈ ಹಳೆ ಫೋನುಗಳಲ್ಲಿ ಚಾರ್ಜರಿಗೂ ಬ್ಯಾಟರಿಗೂ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಸ್ವಿಚ್ ಅಷ್ಟೆ. ಕರೆಂಟ್ ಎಷ್ಟು ಹರಿಯಬೇಕು ಅನ್ನುವ ಗೇಟ್‌ವಾಲ್ವ್ ಬಹುಪಾಲು ಚಾರ್ಜರಿನೊಳಗೇ ಇರುತ್ತದೆ. ಕಂಪನಿಯ ಎಸಿ-3 ಚಾರ್ಜರ್ 5 ವೋಲ್ಟ್, 350 ಮಿಲಿಆಂಪಿನದು. ಟಾರ್ಚಿನದಕ್ಕೆ ಆ ಕಟ್ಟುಪಾಡಿಲ್ಲ.

ಕಳೆದ ವರ್ಷ ಶಿರಾದಿಂದ ಇಂಥದ್ದೇ ಒಂದು ಸೆಟ್ ತುಮಕೂರಿಗೆ, ನನ್ನ ಬೆಂಚಿಗೆ ಬಂದಿತ್ತು. ಅಡಾಪ್ಟರ್ ಮೇಲೆ 6 ವೋಲ್ಟ್ ಅಂತ ಬರೆದಿತ್ತು. ಏನೂ ಜೋಡಿಸದೆ ಮೀಟರ್ ಇಟ್ಟರೆ 9 ದಾಟಿತು! ಒಳಗೆ ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್ ಬಿಟ್ಟರೆ ವೋಲ್ಟೇಜ್ ಹಿಡಿದಿಡುವ ಭಾಗವೇ ಇರಲಿಲ್ಲ. ಹಾಗಾಗಿ ಬ್ಯಾಟರಿ ತುಂಬಿ ಕರೆಂಟ್ ಕಮ್ಮಿ ಹರಿದಷ್ಟೂ ವೋಲ್ಟೇಜ್ ಏರುತ್ತದೆ. ಫೋನಿನ ಒಳಗೆ ಕಾವಲಿಗಿದ್ದ ಡಯೋಡ್ ಶಾರ್ಟ್ ಆಗಿ, ಚಾರ್ಜಿಂಗ್ ಫ್ಯೂಸ್ ಹೋಗಿತ್ತು. ಎರಡನ್ನೂ ಬದಲಿಸಿದೆ, ಫೋನ್ ಎದ್ದಿತು. ನಿಮ್ಮದೂ ಹೀಗೇ ಇರಬಹುದು. ಆದರೆ ಚಾರ್ಜರ್ ಇಲ್ಲದೆ ಬರೀ ಬ್ಯಾಟರಿ ಹಾಕಿದಾಗಲೇ ಫೋನ್ ಬಿಸಿಯಾದರೆ, ಐಸಿ ಹೋಗಿರುವ ಸಾಧ್ಯತೆ ಜಾಸ್ತಿ. ಅದಕ್ಕೆ ದುಡ್ಡು ಸುರಿಯಬೇಡಿ.

ಫ್ಯೂಸ್ ಜಾಗಕ್ಕೆ ತಂತಿ ಬೆಸೆದು "ರಿಪೇರಿ ಆಯ್ತಣ್ಣ" ಅನ್ನುವವರಿದ್ದಾರೆ. ಅವರ ಅಂಗಡಿಗೆ ಎರಡನೇ ಸಲ ಹೋಗಬೇಡಿ. ಮುಂದಿನ ಸಲ ಸುಡುವುದು ಐಸಿಯೇ.

ಬದಲಿ ಚಾರ್ಜರ್ ತರುವಾಗ 5 ವೋಲ್ಟ್ ಇದೆಯಾ, ಕರೆಂಟ್ 350 ಮಿಲಿಆಂಪಿನ ಆಸುಪಾಸಿನಲ್ಲಿದೆಯಾ ನೋಡಿ. ಪಿನ್ನಿನ ಹೊರವ್ಯಾಸ 2 ಮಿಲಿಮೀಟರ್. ನಡುವಿನ ತೂತು ಪ್ಲಸ್, ಹೊರಮೈ ಮೈನಸ್. ತೂತು ಎಷ್ಟು ಸಣ್ಣದೆಂದರೆ ಮೀಟರಿನ ಕಡ್ಡಿ ಹೋಗುವುದಿಲ್ಲ. ಹೊಲಿಗೆ ಸೂಜಿ ತೂರಿಸಿ ಅದಕ್ಕೆ ಕೆಂಪು ಕಡ್ಡಿ ಮುಟ್ಟಿಸಿ, ಸೂಜಿ ಹೊರಮೈಗೆ ತಾಗದಂತೆ ಹುಷಾರಾಗಿರಿ. ಏನೂ ಜೋಡಿಸದೆಯೇ 7 ವೋಲ್ಟ್ ದಾಟಿದರೆ ನಾನಂತೂ ಫೋನಿಗೆ ಚುಚ್ಚುವುದಿಲ್ಲ.

ಬ್ಯಾಟರಿ? ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಊದಿದೆ, ಬದಲಿಸಿ.

ನೋಕಿಯಾ 1100ರ ದಪ್ಪ ಪಿನ್ ಚಾರ್ಜರಿಗೆ ಕನ್ವರ್ಟರ್ ಹಾಕಬಹುದಾ? — ಚಿಂತಾಮಣಿ

ಕಂಪನಿಯ ಚಾರ್ಜರ್ ಆದರೆ ಹಾಕಿ, ನಿಧಾನ ಆಗುತ್ತದೆ ಅಷ್ಟೆ. ಪಿನ್ ಕೆರೆದು ಸಣ್ಣ ಮಾಡುವ ಸಾಹಸ ಬೇಡ.

ಊದಿದ ಬ್ಯಾಟರಿ ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತಂತೆ, ನಿಜವಾ? — ಮಾಲೂರು

ಸುಳ್ಳು. ಫ್ರಿಜ್‌ನಲ್ಲಿ ಸೊಪ್ಪು ಇಡಿ.